ಕಂತು ತಪ್ಪಿದ ದಿನದಿಂದ ಲಾಭ ಕರಗುವ ತನಕ: ಒಂದು ಎನ್‌ಪಿಎ ಲೆಕ್ಕ ಹಾಕುವುದು ಹೇಗೆ

"ಸಾರ್, ಎರಡು ಕಂತು ತಾನೇ? ದೀಪಾವಳಿ ಮುಗೀಲಿ, ಒಟ್ಟಿಗೆ ಕಟ್ಬಿಡ್ತೀನಿ."

ಬ್ರಾಂಚ್‌ನಲ್ಲಿ ಸಾಲದ ಟೇಬಲ್ ಹಿಂದೆ ಕೂತಿದ್ದ ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳುವವರಲ್ಲಿ ಹೆಚ್ಚಿನವರು ಮೋಸಗಾರರಲ್ಲ. ಎಲ್ಲಿಂದಲೋ ಬರಬೇಕಾದ ದುಡ್ಡು ತಡವಾಗಿರುತ್ತದೆ, ಅಷ್ಟೇ. ಆದರೆ ಅವರಿಗೆ ಗೊತ್ತಿರದ ಒಂದು ವಿಷಯ ಇದೆ. ಕಂತು ತಪ್ಪಿದ ಆ ರಾತ್ರಿಯೇ ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ದಿನ ಎಣಿಕೆ ಶುರುವಾಗಿರುತ್ತದೆ. ಅದಕ್ಕೆ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ.

ಈ ಲೇಖನದಲ್ಲಿ ಒಂದೇ ಒಂದು ಸಾಲವನ್ನು ಹಿಡಿದು, ಅದು ಕಂತು ತಪ್ಪಿದ ದಿನದಿಂದ ಪೂರ್ತಿ ಮುಳುಗುವವರೆಗೆ ಹಂತಹಂತವಾಗಿ ಲೆಕ್ಕ ಹಾಕೋಣ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೂ, ಬ್ಯಾಂಕ್ ಷೇರು ಇಟ್ಟುಕೊಂಡು "ಲಾಭ ಯಾಕೆ ಬಿತ್ತು?" ಅಂತ ತಲೆ ಕೆರೆದುಕೊಳ್ಳುವವರಿಗೂ ಇದೇ ಲೆಕ್ಕ ಸಾಕು.

## ನಮ್ಮ ಉದಾಹರಣೆ

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ ಅಂದುಕೊಳ್ಳಿ. ಜಾಬ್ ವರ್ಕ್ ಮಾಡುತ್ತಾರೆ. ಮಷೀನ್ ಮತ್ತು ಶೆಡ್‌ಗಾಗಿ ತೆಗೆದ ಟರ್ಮ್ ಲೋನ್‌ನಲ್ಲಿ 40 ಲಕ್ಷ ಬಾಕಿ ಇದೆ. ಕಚ್ಚಾಮಾಲಿಗೆ ತೆಗೆದ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ಖಾತೆಯಲ್ಲಿ 10 ಲಕ್ಷ. ಒಟ್ಟು 50 ಲಕ್ಷ. ಬಡ್ಡಿ ವರ್ಷಕ್ಕೆ 12%. ಟರ್ಮ್ ಲೋನ್‌ನ ಕಂತು ತಿಂಗಳಿಗೆ ಸುಮಾರು 89,000 ರೂಪಾಯಿ, ಅದರಲ್ಲಿ ಹತ್ತಿರ ಹತ್ತಿರ 40,000 ಬಡ್ಡಿಯೇ. ಸಾಲ ಕೊಟ್ಟಾಗ ಅಡಮಾನದ ಆಸ್ತಿಗೆ 55 ಲಕ್ಷ ಬೆಲೆ ಕಟ್ಟಿದ್ದರು. ಕಂತಿನ ದಿನ ಪ್ರತಿ ತಿಂಗಳ 5.

ಈ ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನು ಹೊಂದಿಸಿಕೊಂಡವು. ನಿಯಮಗಳು ಮಾತ್ರ ರಿಸರ್ವ್ ಬ್ಯಾಂಕಿನವು.

2021ರ ಆಗಸ್ಟ್ 5ರ ಕಂತು ಬರಲಿಲ್ಲ. ಅಲ್ಲಿಂದ ಶುರು.

## ಹಂತ 1: ದಿನ ಎಣಿಸಿ

ಸಾಲ ಒಂದೇ ಏಟಿಗೆ ಎನ್‌ಪಿಎ ಆಗುವುದಿಲ್ಲ. ಮೊದಲು ಎಚ್ಚರಿಕೆಯ ಮೂರು ಮೆಟ್ಟಿಲುಗಳಿವೆ. ಅವಕ್ಕೆ ಎಸ್‌ಎಂಎ ಅನ್ನುತ್ತಾರೆ, ಅಂದರೆ ಕಣ್ಣಿಟ್ಟು ನೋಡಬೇಕಾದ ಖಾತೆ. 30 ದಿನದವರೆಗೆ ಬಾಕಿ ಇದ್ದರೆ ಎಸ್‌ಎಂಎ-0. ಅದು ದಾಟಿ 60ರವರೆಗೆ ಎಸ್‌ಎಂಎ-1. 60 ದಾಟಿ 90ರವರೆಗೆ ಎಸ್‌ಎಂಎ-2. ಅದನ್ನೂ ದಾಟಿದರೆ ಎನ್‌ಪಿಎ, ಅಂದರೆ ಬ್ಯಾಂಕಿಗೆ ದುಡಿಯುವುದನ್ನು ನಿಲ್ಲಿಸಿದ ಸಾಲ. ಮೊದಲು ಈ ಗಡುವು 180 ದಿನ ಇತ್ತು. 2004ರ ಮಾರ್ಚ್‌ಗೆ ಮುಗಿದ ಲೆಕ್ಕದ ವರ್ಷದಿಂದ 90ಕ್ಕೆ ಇಳಿಸಿದರು.

ಎಣಿಸುವಾಗ ಜನ ತಪ್ಪುವುದು ಇಲ್ಲಿ: "ಮೂರು ತಿಂಗಳು" ಅಂತ ಎಣಿಸುತ್ತಾರೆ. ಹಾಗಲ್ಲ, ದಿನ ಎಣಿಸಬೇಕು. ಆಗಸ್ಟ್ 5ರಂದು ಬ್ಯಾಂಕಿನ ಡೇ ಎಂಡ್, ಅಂದರೆ ದಿನದ ಲೆಕ್ಕ ಮುಚ್ಚುವ ಕಂಪ್ಯೂಟರ್ ಕೆಲಸ ಓಡುವಾಗಲೇ ಖಾತೆ ಸುಸ್ತಿ ಎಂದು ಗುರುತಾಯಿತು. 30 ದಿನ ಕೂಡಿಸಿದರೆ ಸೆಪ್ಟೆಂಬರ್ 4, ಆವತ್ತು ಎಸ್‌ಎಂಎ-1. ಇನ್ನೊಂದು 30 ಸೇರಿದರೆ ಅಕ್ಟೋಬರ್ 4, ಎಸ್‌ಎಂಎ-2. ಮತ್ತೊಂದು 30 ಅಂದರೆ ನವೆಂಬರ್ 3, ಎನ್‌ಪಿಎ. ನವೆಂಬರ್ 5 ಅಲ್ಲ, ಗಮನಿಸಿ.

ಆ ನವೆಂಬರ್ 3 ನರಕ ಚತುರ್ದಶಿ. ಬೆಂಗಳೂರಿನಲ್ಲಿ ಬ್ಯಾಂಕಿಗೆ ರಜೆ. ಶಟರ್ ಹಾಕಿತ್ತು, ಆದರೆ ಡೇ ಎಂಡ್ ಓಡಿತು, ಖಾತೆಯ ಬಣ್ಣ ಬದಲಾಯಿತು. ವರ್ಕ್‌ಶಾಪ್‌ನವರು ಎಣ್ಣೆ ಸ್ನಾನ ಮುಗಿಸಿ ಕೂತಿರುವಾಗ ಅವರ ಸಾಲ ಎನ್‌ಪಿಎ ಆಗಿತ್ತು.

## ಹಂತ 2: ಗೆರೆಯ ಆಚೆ ಈಚೆ ಏನು ವ್ಯತ್ಯಾಸ ನೋಡಿ

ಇದು ನನಗೆ ಇಡೀ ನಿಯಮದಲ್ಲಿ ಅತಿ ಮುಖ್ಯ ಅನಿಸುವ ಜಾಗ. ಬ್ರಾಂಚ್ ಮ್ಯಾನೇಜರ್‌ಗಳು ತಿಂಗಳ ಕೊನೆಯಲ್ಲಿ ಫೋನ್ ಮೇಲೆ ಫೋನ್ ಮಾಡುವುದು ಇದಕ್ಕೇ.

ನವೆಂಬರ್ 2ರ ಹೊತ್ತಿಗೆ ಮೂರು ಕಂತು ಬಾಕಿ: ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಆವತ್ತು ಸಾಲಗಾರ ಒಂದೇ ಒಂದು ಕಂತು, 89,000 ರೂಪಾಯಿ ಕಟ್ಟಿದ್ದರೆ ಏನಾಗುತ್ತಿತ್ತು? ಬಂದ ದುಡ್ಡು ಮೊದಲು ಹಳೇ ಬಾಕಿಗೆ ಹೋಗುತ್ತದೆ. ಆಗಸ್ಟ್ ಕಂತು ತೀರುತ್ತದೆ. ಈಗ ಅತಿ ಹಳೆಯ ಬಾಕಿ ಸೆಪ್ಟೆಂಬರ್ 5ರದ್ದು. ಅದಕ್ಕೆ ಆಗಿರುವುದು 58 ದಿನ. ಖಾತೆ ಎಸ್‌ಎಂಎ-2ರಿಂದ ಎಸ್‌ಎಂಎ-1ಕ್ಕೆ ಹಿಂದೆ ಬರುತ್ತದೆ. ಒಂದು ತಿಂಗಳು ಉಸಿರು ಸಿಕ್ಕಿತು.

ಅದೇ 89,000 ನವೆಂಬರ್ 4ರಂದು ಕಟ್ಟಿದರೆ? ಏನೂ ಪ್ರಯೋಜನವಿಲ್ಲ. ಒಮ್ಮೆ ಎನ್‌ಪಿಎ ಆದ ಮೇಲೆ ಹೊರಗೆ ಬರಬೇಕಾದರೆ ಬಡ್ಡಿ, ಅಸಲು ಎರಡರ ಬಾಕಿಯನ್ನೂ ಪೂರ್ತಿ ತೀರಿಸಬೇಕು. ಅಂದರೆ ಮೂರು ಕಂತು, 2.67 ಲಕ್ಷ. ಮರುದಿನವಾದರೆ ನವೆಂಬರ್ ಕಂತೂ ಸೇರಿ 3.56 ಲಕ್ಷ. ರಿಸರ್ವ್ ಬ್ಯಾಂಕ್ ಇದನ್ನು 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಯಿತು. ಅದಕ್ಕೂ ಮುಂಚೆ ಕೆಲವೆಡೆ ಸ್ವಲ್ಪ ಬಾಕಿ ಕಟ್ಟಿಸಿಕೊಂಡು ಖಾತೆಯನ್ನು ಮತ್ತೆ ಸ್ಟಾಂಡರ್ಡ್, ಅಂದರೆ ಒಳ್ಳೇ ಸಾಲ ಮಾಡಿಬಿಡುತ್ತಿದ್ದರು.

ಇನ್ನೊಂದು ಪೆಟ್ಟು ಇದೆ. ನಮ್ಮ ವರ್ಕ್‌ಶಾಪ್‌ನ ಸಿಸಿ ಖಾತೆ ಸರಿಯಾಗೇ ನಡೆಯುತ್ತಿತ್ತು ಅನ್ನಿ. ಆದರೂ ಅದು ಎನ್‌ಪಿಎ. ವರ್ಗೀಕರಣ ಖಾತೆಗಲ್ಲ, ಸಾಲಗಾರನಿಗೆ. ಅದೇ ಬ್ಯಾಂಕಿನಲ್ಲಿ ಅವನ ಒಂದು ಸಾಲ ಕೆಟ್ಟರೆ ಉಳಿದವೂ ಅದರ ಜೊತೆ ಹೋಗುತ್ತವೆ. ಹಾಗಾಗಿ ಮುಂದಿನ ಲೆಕ್ಕವೆಲ್ಲ 40 ಲಕ್ಷದ ಮೇಲಲ್ಲ, 50 ಲಕ್ಷದ ಮೇಲೆ.

ಸಿಸಿ ಖಾತೆಗೆ ಕಂತು ಅಂತ ಇರುವುದಿಲ್ಲವಲ್ಲ, ಅದು ತಾನಾಗಿ ಎನ್‌ಪಿಎ ಆಗುವುದು ಹೇಗೆ ಎಂದು ಕೇಳಬಹುದು. ಬಾಕಿ ಮೊತ್ತ ಮಿತಿಯನ್ನು ದಾಟಿ ಸತತ 90 ದಿನ ಹಾಗೇ ಇದ್ದರೆ, ಅಥವಾ 90 ದಿನದಲ್ಲಿ ಜಮಾ ಬರದೇ ಇದ್ದರೆ, ಅಥವಾ ಬಂದ ಜಮಾ ಹಾಕಿದ ಬಡ್ಡಿಗೂ ಸಾಲದಿದ್ದರೆ. ಬೆಳೆ ಸಾಲಕ್ಕೆ ದಿನದ ಲೆಕ್ಕವೇ ಬೇರೆ: ರಾಗಿ, ಭತ್ತದಂಥ ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಬಾಕಿ ಉಳಿದರೆ ಎನ್‌ಪಿಎ.

## ಹಂತ 3: ಬಡ್ಡಿಯನ್ನು ವಾಪಸ್ ತೆಗೆಯಿರಿ

ಎನ್‌ಪಿಎ ಅಂದ ಕೂಡಲೇ ಎಲ್ಲರೂ ಪ್ರಾವಿಷನ್, ಅಂದರೆ ಮುಳುಗಬಹುದಾದ ಸಾಲಕ್ಕೆ ಎತ್ತಿಡುವ ಮೊತ್ತದ ಬಗ್ಗೆ ಮಾತಾಡುತ್ತಾರೆ. ಲಾಭಕ್ಕೆ ಮೊದಲ ಏಟು ಅದಲ್ಲ, ಬಡ್ಡಿ.

ಬ್ಯಾಂಕ್ ಸಾಮಾನ್ಯವಾಗಿ ಬಡ್ಡಿಯನ್ನು ಕೈಗೆ ಬರುವ ಮೊದಲೇ ಆದಾಯ ಎಂದು ಬರೆದುಕೊಳ್ಳುತ್ತದೆ. ತಿಂಗಳು ಕಳೆದರೆ ಬಡ್ಡಿ ಹುಟ್ಟಿತು, ಹುಟ್ಟಿದ ಬಡ್ಡಿ ಆದಾಯ. ಒಳ್ಳೆಯ ಸಾಲಕ್ಕೆ ಇದು ಸರಿ. ಎನ್‌ಪಿಎ ಆದ ದಿನ, ಹೀಗೆ ಬರೆದುಕೊಂಡು ಕೈಗೆ ಬಾರದ ಬಡ್ಡಿಯನ್ನೆಲ್ಲ ಆದಾಯದಿಂದ ವಾಪಸ್ ತೆಗೆಯಬೇಕು. ನಮ್ಮ ಟರ್ಮ್ ಲೋನ್‌ನಲ್ಲಿ ಜುಲೈ 5ರಿಂದ ನವೆಂಬರ್ 3ರವರೆಗಿನ ಬಡ್ಡಿ ಬಂದಿಲ್ಲ. ಸುಮಾರು ನಾಲ್ಕು ತಿಂಗಳು, ಸುಮಾರು 1.6 ಲಕ್ಷ. ಅಷ್ಟು ಆದಾಯ ಅಳಿಸಿ ಹೋಯಿತು.

ಅಲ್ಲಿಗೆ ಮುಗಿಯಲಿಲ್ಲ. ಇನ್ನು ಮುಂದೆ ದುಡ್ಡು ನಿಜವಾಗಿ ಬಂದರೆ ಮಾತ್ರ ಆದಾಯ. ವರ್ಕ್‌ಶಾಪ್ ಬಾಗಿಲು ಹಾಕಿತು, ಎರಡೂ ಖಾತೆಗೆ ಏನೂ ಬರಲಿಲ್ಲ ಎಂದುಕೊಳ್ಳೋಣ. ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳು, ತಿಂಗಳಿಗೆ 50,000, ಒಟ್ಟು 2.5 ಲಕ್ಷ ಬರೆದುಕೊಳ್ಳುವ ಹಾಗೇ ಇಲ್ಲ. ಎರಡೂ ಸೇರಿ ಆ ವರ್ಷ 4.1 ಲಕ್ಷ ಆದಾಯ ಖೋತಾ.

ಇನ್ನೊಂದು ಕಡೆ ನೋಡಿ. ಈ 50 ಲಕ್ಷ ಬ್ಯಾಂಕಿನ ಸ್ವಂತ ದುಡ್ಡಲ್ಲ, ಬಹುಪಾಲು ಠೇವಣಿದಾರರದ್ದು. ವರ್ಕ್‌ಶಾಪ್ ಬಡ್ಡಿ ಕೊಡಲಿಲ್ಲ ಅಂತ ನಿಮ್ಮ ಎಫ್‌ಡಿಗೆ ಬಡ್ಡಿ ಕೊಡದೇ ಇರಲು ಆಗುತ್ತಾ? ಆ ಖರ್ಚು ತಪ್ಪದೇ ನಡೆಯುತ್ತಲೇ ಇರುತ್ತದೆ.

## ಹಂತ 4: ಯಾವ ಪೆಟ್ಟಿಗೆ ಅಂತ ತೀರ್ಮಾನಿಸಿ, ಪ್ರಾವಿಷನ್ ಹಾಕಿ

ಪ್ರಾವಿಷನ್ ಅಂದರೆ ಮುಳುಗಬಹುದಾದ ಮೊತ್ತಕ್ಕೆ ಲಾಭದಲ್ಲಿ ಮೊದಲೇ ಕತ್ತರಿ ಹಾಕಿ ಎತ್ತಿಡುವುದು. ನಗದು ಎಲ್ಲಿಗೂ ಹೋಗುವುದಿಲ್ಲ. ಲಾಭ ನಷ್ಟದ ಪಟ್ಟಿಯಲ್ಲಿ ಖರ್ಚು ಎಂದು ತೋರಿಸುತ್ತಾರೆ, ಅಷ್ಟೇ. ಆದರೆ ಆ ಖರ್ಚು ನಿಜವಾದದ್ದು. ಷೇರುದಾರರಿಗೆ ಹಂಚಬಹುದಾದ ದುಡ್ಡು ಅಷ್ಟು ಕಡಿಮೆಯಾಯಿತು, ಬಂಡವಾಳಕ್ಕೆ ಸೇರಬೇಕಾದದ್ದೂ ಕಡಿಮೆಯಾಯಿತು.

ಸಾಲ ಚೆನ್ನಾಗಿದ್ದಾಗಲೂ ಸ್ವಲ್ಪ ಪ್ರಾವಿಷನ್ ಇರುತ್ತದೆ. ಸಣ್ಣ ಉದ್ದಿಮೆಗೆ 0.25%, ಅಂದರೆ ನಮ್ಮ 50 ಲಕ್ಷಕ್ಕೆ 12,500 ರೂಪಾಯಿ. ಅದು ಚಿಲ್ಲರೆ. ಎನ್‌ಪಿಎ ಆದ ಮೇಲೆ ಅಳತೆಯೇ ಬೇರೆ.

ಸಬ್‌ಸ್ಟಾಂಡರ್ಡ್. ಎನ್‌ಪಿಎ ಆದ ಮೊದಲ 12 ತಿಂಗಳು ಸಾಲ ಈ ಪೆಟ್ಟಿಗೆಯಲ್ಲಿರುತ್ತದೆ. ಒಟ್ಟು ಬಾಕಿಯ 15% ಪ್ರಾವಿಷನ್. ಇಲ್ಲಿ ಒಂದು ಕಿವಿಮಾತು: ಅಡಮಾನದ ಬೆಲೆಯನ್ನು ಇಲ್ಲಿ ಕಳೆಯುವ ಹಾಗಿಲ್ಲ. ಆಸ್ತಿ 55 ಲಕ್ಷದ್ದಿರಲಿ, ಐದು ಕೋಟಿಯದ್ದಿರಲಿ, ಪೂರ್ತಿ 50 ಲಕ್ಷದ ಮೇಲೆ 15%. ಪರೀಕ್ಷೆಯಲ್ಲೂ ಬ್ರಾಂಚ್‌ನಲ್ಲೂ ಜನ ತಪ್ಪುವುದು ಇಲ್ಲಿ ಜಾಸ್ತಿ. ಕೊಟ್ಟಾಗಲೇ ಅಡಮಾನ ಇಲ್ಲದ ಸಾಲವಾದರೆ 25%.

ನಮ್ಮ ಲೆಕ್ಕ: 2022ರ ಮಾರ್ಚ್ 31ಕ್ಕೆ 50 ಲಕ್ಷದ 15%, ಅಂದರೆ 7.5 ಲಕ್ಷ.

ಡೌಟ್‌ಫುಲ್. 12 ತಿಂಗಳು ಸಬ್‌ಸ್ಟಾಂಡರ್ಡ್ ಆಗಿಯೇ ಉಳಿದರೆ ಸಾಲ ಇಲ್ಲಿಗೆ ಬರುತ್ತದೆ. ನಮ್ಮದು 2022ರ ನವೆಂಬರ್ 3ಕ್ಕೆ ಬಂತು. ಈಗ ಲೆಕ್ಕದ ರೀತಿಯೇ ಬದಲಾಗುತ್ತದೆ. ಸಾಲವನ್ನು ಎರಡು ತುಂಡು ಮಾಡಬೇಕು: ಇವತ್ತಿನ ಬೆಲೆಗೆ ಅಡಮಾನ ಎಷ್ಟನ್ನು ಕಾಯುತ್ತದೆ, ಎಷ್ಟನ್ನು ಕಾಯುವುದಿಲ್ಲ. ಕಾಯದ ತುಂಡಿಗೆ ಪೂರ್ತಿ 100%. ಕಾಯುವ ತುಂಡಿಗೆ ವಯಸ್ಸಿನ ಮೇಲೆ: ಡೌಟ್‌ಫುಲ್ ಆಗಿ ಮೊದಲ ವರ್ಷ 25%, ಒಂದರಿಂದ ಮೂರು ವರ್ಷದವರೆಗೆ 40%, ಮೂರು ವರ್ಷ ದಾಟಿದರೆ 100%. ಬ್ಯಾಂಕಿನವರ ಬಾಯಲ್ಲಿ ಇವು ಡಿ-1, ಡಿ-2, ಡಿ-3.

ಇಲ್ಲಿ ಎಲ್ಲವೂ ನಿಂತಿರುವುದು ಅಡಮಾನದ ಬೆಲೆಯ ಮೇಲೆ. ಸಾಲ ಕೊಟ್ಟಾಗ 55 ಲಕ್ಷ ಅಂದಿದ್ದ ಆಸ್ತಿಗೆ ಈಗ ಮೌಲ್ಯಮಾಪಕರು ಬಂದರು. ಶೆಡ್ ಇದೆ, ಆದರೆ ಒಂದು ಮಳೆಗಾಲ ಪೂರ್ತಿ ಓಡದೆ ನಿಂತ ಮಷೀನ್‌ಗೆ ತುಕ್ಕು. ಕಂಟ್ರೋಲ್ ಪ್ಯಾನೆಲ್‌ನ ಬೋರ್ಡ್ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಒಟ್ಟು 30 ಲಕ್ಷ ಬರಬಹುದು ಎಂದು ಬರೆದರು.

ಹಾಗಾದರೆ 2023ರ ಮಾರ್ಚ್‌ಗೆ: ಅಡಮಾನ ಕಾಯದ 20 ಲಕ್ಷಕ್ಕೆ ಪೂರ್ತಿ 20 ಲಕ್ಷ. ಕಾಯುವ 30 ಲಕ್ಷದ 25%, ಅಂದರೆ 7.5 ಲಕ್ಷ. ಒಟ್ಟು ಇರಬೇಕಾದದ್ದು 27.5 ಲಕ್ಷ. ಹೋದ ವರ್ಷದ 7.5 ಲಕ್ಷ ಆಗಲೇ ಇದೆ. ಹೊಸದಾಗಿ ಹಾಕಬೇಕಾದದ್ದು 20 ಲಕ್ಷ. ಈ ವರ್ಷದ ಲಾಭಕ್ಕೆ ಬೀಳುವ ಏಟು ಈ 20 ಲಕ್ಷ, 27.5 ಅಲ್ಲ. ಪ್ರತಿ ಸಲ ಈ ಕಳೆಯುವ ಲೆಕ್ಕವನ್ನು ಮರೆಯಬೇಡಿ.

ಮುಂದಿನದ್ದನ್ನು ಪಟ್ಟಿಯಲ್ಲೇ ನೋಡಿಬಿಡೋಣ. 2024ರಲ್ಲಿ ಮತ್ತೆ ಬೆಲೆ ಕಟ್ಟಿಸಿದಾಗ ಆಸ್ತಿ 25 ಲಕ್ಷಕ್ಕೆ ಇಳಿಯಿತು ಎಂದಿಟ್ಟುಕೊಂಡಿದ್ದೇನೆ. ಮೊತ್ತಗಳೆಲ್ಲ ಲಕ್ಷ ರೂಪಾಯಿಯಲ್ಲಿ.

| ದಿನಾಂಕ | ಹಂತ | ಅಡಮಾನ ಕಾಯುವ ಭಾಗ | ಇರಬೇಕಾದ ಪ್ರಾವಿಷನ್ | ಆ ವರ್ಷ ಹೊಸದಾಗಿ |
|---|---|---|---|---|
| 31-3-2022 | ಸಬ್‌ಸ್ಟಾಂಡರ್ಡ್ | ಲೆಕ್ಕಕ್ಕಿಲ್ಲ | 7.5 | 7.5 |
| 31-3-2023 | ಡಿ-1 | 30 | 27.5 | 20 |
| 31-3-2024 | ಡಿ-2 | 25 | 35 | 7.5 |
| 31-3-2025 | ಡಿ-2 | 25 | 35 | 0 |
| 31-3-2026 | ಡಿ-3 | 25 | 50 | 15 |

ಏಟು ಒಂದೇ ಸಮ ಬೀಳುವುದಿಲ್ಲ ನೋಡಿ. ಎರಡನೇ ವರ್ಷ ಜೋರು, ನಾಲ್ಕನೇ ವರ್ಷ ಏನೂ ಇಲ್ಲ, ಐದನೇ ವರ್ಷ ಮತ್ತೆ ಜೋರು. ಇದಕ್ಕೇ ಹಳೇ ಎನ್‌ಪಿಎಗಳಿರುವ ಬ್ಯಾಂಕಿಗೆ, ಹೊಸ ಸಾಲ ಒಂದೂ ಕೆಡದಿದ್ದರೂ, ಒಂದು ಕೆಟ್ಟ ವರ್ಷ ಬಂದುಬಿಡಬಹುದು. ಹಳೇದಕ್ಕೆ ವಯಸ್ಸಾಯಿತು, ಅಷ್ಟೇ ಕಾರಣ.

ಇಲ್ಲಿ ವಾರ್ಷಿಕ ಲೆಕ್ಕ ತೋರಿಸಿದ್ದೇನೆ. ಬ್ಯಾಂಕುಗಳು ಇದನ್ನು ಮೂರು ತಿಂಗಳಿಗೊಮ್ಮೆ ಮಾಡುತ್ತವೆ. ನಮ್ಮ ಸಾಲಕ್ಕೆ ಸರ್ಕಾರಿ ಖಾತರಿ ಇಲ್ಲ ಎಂದೂ ಇಟ್ಟುಕೊಂಡಿದ್ದೇನೆ. ಸಣ್ಣ ಉದ್ದಿಮೆಗಳ ಸಿಜಿಟಿಎಂಎಸ್‌ಇ ಖಾತರಿ ಇದ್ದರೆ, ಖಾತರಿ ಹೊತ್ತ ಭಾಗಕ್ಕೆ ಪ್ರಾವಿಷನ್ ಬೇಕಿಲ್ಲ, ಲೆಕ್ಕ ಹಗುರವಾಗುತ್ತದೆ.

ಲಾಸ್ ಅಸೆಟ್. ಇದು ಕೊನೆಯ ಪೆಟ್ಟಿಗೆ. ಬ್ಯಾಂಕೋ, ಆಡಿಟರೋ, ರಿಸರ್ವ್ ಬ್ಯಾಂಕಿನ ಇನ್‌ಸ್ಪೆಕ್ಷನ್‌ನವರೋ "ಇದು ಬರಲ್ಲ" ಎಂದು ಗುರುತಿಸಿದ, ಆದರೆ ಇನ್ನೂ ಪುಸ್ತಕದಿಂದ ಪೂರ್ತಿ ತೆಗೆಯದ ಸಾಲ. 100% ಪ್ರಾವಿಷನ್.

ಎಲ್ಲ ಸಾಲವೂ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುವುದಿಲ್ಲ. ಆಸ್ತಿಯ ಈಗಿನ ಬೆಲೆ ಹಿಂದೆ ಕಟ್ಟಿದ ಬೆಲೆಯ ಅರ್ಧಕ್ಕಿಂತ ಕೆಳಗೆ ಹೋಗಿದ್ದರೆ, 12 ತಿಂಗಳು ಕಾಯದೆ ನೇರವಾಗಿ ಡೌಟ್‌ಫುಲ್. ಬಾಕಿಯ 10%ಗಿಂತ ಕಡಿಮೆಯಾಗಿದ್ದರೆ ನೇರವಾಗಿ ಲಾಸ್. ನಮ್ಮ ವರ್ಕ್‌ಶಾಪ್‌ನ ಆಸ್ತಿ 55ರಿಂದ 30ಕ್ಕೆ ಬಂತು, ಅರ್ಧದ ಗೆರೆಯಿಂದ ಸ್ವಲ್ಪದರಲ್ಲಿ ಉಳಿಯಿತು. ಮೊದಲ 12 ತಿಂಗಳಲ್ಲೇ 27 ಅಂತ ಬಂದಿದ್ದರೆ ಕತೆ ಬೇರೆ. ಮೌಲ್ಯಮಾಪನದ ವರದಿ ಕೈಗೆ ಬಂದಾಗ ಮ್ಯಾನೇಜರ್ ಮೊದಲು ಕೊನೇ ಪುಟ ತಿರುವಿ ನೋಡುವುದು ಯಾಕೆ ಅಂತ ಗೊತ್ತಾಯ್ತಲ್ವಾ?

## ಹಂತ 5: ಲಾಭಕ್ಕೆ ಎಷ್ಟು ಪೆಟ್ಟು ಅಂತ ಅಳೆಯಿರಿ

ಬ್ಯಾಂಕಿನ ಲಾಭ ನಷ್ಟದ ಪಟ್ಟಿಯ ದಾರಿ ಹೀಗಿದೆ. ಬಂದ ಬಡ್ಡಿಯಲ್ಲಿ ಕೊಟ್ಟ ಬಡ್ಡಿ ಕಳೆದು, ಇತರೆ ಆದಾಯ ಸೇರಿಸಿ, ಸಂಬಳ ಬಾಡಿಗೆ ಇತ್ಯಾದಿ ಖರ್ಚು ಕಳೆದರೆ ಸಿಗುವುದು ಆಪರೇಟಿಂಗ್ ಲಾಭ. ಅದರಲ್ಲಿ ಪ್ರಾವಿಷನ್ ಕಳೆಯಬೇಕು, ಆಮೇಲೆ ತೆರಿಗೆ ಕಳೆಯಬೇಕು. ಉಳಿದದ್ದು ನಿವ್ವಳ ಲಾಭ. ಎನ್‌ಪಿಎ ಈ ದಾರಿಯಲ್ಲಿ ಎರಡು ಕಡೆ ಕಚ್ಚುತ್ತದೆ. ಬಡ್ಡಿ ನಿಂತದ್ದು ಮೇಲ್ಗಡೆ, ಆಪರೇಟಿಂಗ್ ಲಾಭದಲ್ಲೇ. ಪ್ರಾವಿಷನ್ ಅದರ ಕೆಳಗೆ.

ಒಂದು ಕೆಟ್ಟ ಸಾಲ ಎಷ್ಟು ಒಳ್ಳೇ ಸಾಲಗಳ ದುಡಿಮೆ ತಿನ್ನುತ್ತದೆ ಅಂತ ನೋಡೋಣ. ಇದೇ ಥರದ 50 ಲಕ್ಷದ ಒಳ್ಳೇ ಸಾಲವೊಂದು 12% ಬಡ್ಡಿ ತರುತ್ತದೆ. ಠೇವಣಿಗೆ 6.5% ಹೋಯಿತು, ಸಿಬ್ಬಂದಿ, ಬಾಡಿಗೆ, ಕಂಪ್ಯೂಟರ್ ಅಂತ 3% ಹೋಯಿತು ಎಂದುಕೊಳ್ಳಿ. ಉಳಿದದ್ದು 2.5%, ವರ್ಷಕ್ಕೆ 1.25 ಲಕ್ಷ.

ನಮ್ಮ ವರ್ಕ್‌ಶಾಪ್ ಮೊದಲ ವರ್ಷವೇ 7.5 ಲಕ್ಷ ಪ್ರಾವಿಷನ್, 4.1 ಲಕ್ಷ ಬಡ್ಡಿ, ಒಟ್ಟು 11.6 ಲಕ್ಷ ತಿಂದಿತು. ಅಂದರೆ ಒಂದೂ ಕಂತು ತಪ್ಪದೆ ಕಟ್ಟಿದ ಒಂಬತ್ತು ಸಾಲಗಾರರಿಂದ ಬಂದದ್ದೆಲ್ಲ ಈ ಒಬ್ಬನ ಲೆಕ್ಕಕ್ಕೆ ಹೋಯಿತು, ಆದರೂ ಸಾಲಲಿಲ್ಲ. ಎರಡನೇ ವರ್ಷದ 20 ಲಕ್ಷ ಪ್ರಾವಿಷನ್‌ಗೆ ಹದಿನಾರು ಸಾಲಗಾರರು ಬೇಕು. ಅದೇ ವರ್ಷ ಬಾರದೇ ಹೋದ 6 ಲಕ್ಷ ಬಡ್ಡಿ ಬೇರೆ.

ದೊಡ್ಡ ಅಳತೆಯಲ್ಲಿ ಇದು ಹೇಗೆ ಕಾಣುತ್ತದೆ ಅನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಕೆನರಾ ಬ್ಯಾಂಕ್ 2014-15ರಲ್ಲಿ ಸುಮಾರು 2,700 ಕೋಟಿ ನಿವ್ವಳ ಲಾಭ ತೋರಿಸಿತ್ತು. ಮರುವರ್ಷ, 2015-16ರಲ್ಲಿ, ಸುಮಾರು 2,800 ಕೋಟಿ ನಷ್ಟ. ಜನ ಠೇವಣಿ ಇಡುವುದನ್ನು ನಿಲ್ಲಿಸಲಿಲ್ಲ, ಬ್ರಾಂಚ್‌ಗಳೂ ಖಾಲಿ ಹೊಡೆಯಲಿಲ್ಲ. ಆಪರೇಟಿಂಗ್ ಲಾಭ ಆಗಲೂ ಸಾವಿರಾರು ಕೋಟಿ ಇತ್ತು. ಅದನ್ನು ಪೂರ್ತಿ ನುಂಗಿ ಇನ್ನೂ ಕೆಳಗೆ ಎಳೆದದ್ದು ಪ್ರಾವಿಷನ್.

ಅದು ಕೆನರಾ ಒಂದರ ಕತೆಯೂ ಅಲ್ಲ. ರಘುರಾಮ್ ರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ 2015ರಲ್ಲಿ ಬ್ಯಾಂಕುಗಳ ದೊಡ್ಡ ಸಾಲಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿದರು. ಎಕ್ಯೂಆರ್ ಅಂತ ಅದಕ್ಕೆ ಹೆಸರು. ಸ್ಟಾಂಡರ್ಡ್ ಎಂದು ತೋರಿಸಿಕೊಂಡು ಬಂದಿದ್ದ ಎಷ್ಟೋ ಸಾಲಗಳು ಆಗ ಎನ್‌ಪಿಎ ಪಟ್ಟಿಗೆ ಬಂದವು. 2018ರ ಮಾರ್ಚ್ ಹೊತ್ತಿಗೆ ವಾಣಿಜ್ಯ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಎನ್‌ಪಿಎ ಪಾಲು 11% ದಾಟಿತ್ತು. 2025ರ ಮಾರ್ಚ್‌ಗೆ ಅದು 2.3%ರ ಆಸುಪಾಸಿಗೆ ಇಳಿಯಿತು. ಇಳಿದದ್ದರಲ್ಲಿ ವಸೂಲಿಯ ಪಾಲೂ ಇದೆ, ಮುಂದೆ ಹೇಳುವ ರೈಟ್ ಆಫ್‌ನ ಪಾಲೂ ಇದೆ.

## ಹಂತ 6: ಮುಚ್ಚಿಟ್ಟದ್ದನ್ನು ಹುಡುಕಿ

ಪ್ರಾವಿಷನ್ ಇಷ್ಟು ನೋವು ಕೊಡುವಾಗ ಎನ್‌ಪಿಎಯನ್ನು ಮುಚ್ಚಿಡುವ ಆಸೆ ಬರುವುದು ಸಹಜ. ಹಳೇ ಉಪಾಯ ಒಂದಿದೆ: ಅದೇ ಸಾಲಗಾರನಿಗೆ ಇನ್ನೊಂದು ಸಣ್ಣ ಸಾಲ ಕೊಟ್ಟು, ಆ ದುಡ್ಡಲ್ಲಿ ಹಳೇ ಕಂತು ಕಟ್ಟಿಸುವುದು. ಕಾಗದದ ಮೇಲೆ ಎಲ್ಲ ಸರಿ. ಇದಕ್ಕೆ ಎವರ್‌ಗ್ರೀನಿಂಗ್ ಅನ್ನುತ್ತಾರೆ. ಸದಾ ಹಸಿರು, ಒಳಗೆ ಒಣಗಿದ್ದರೂ.

ಒಂದು ಬ್ರಾಂಚ್‌ನಲ್ಲಿ ನಾನೇ ಕಂಡದ್ದು. ಮಾರ್ಚ್ 30ರ ಸಂಜೆ ಒಂದು ಸಿಸಿ ಖಾತೆಗೆ ದೊಡ್ಡ ಮೊತ್ತ ಜಮಾ ಆಗಿತ್ತು. ಬಾಕಿ ಮಿತಿಯ ಒಳಗೆ ಬಂತು. ಏಪ್ರಿಲ್ ಮೊದಲ ವಾರ ಅಷ್ಟೇ ಮೊತ್ತ ಆಚೆ ಹೋಗಿತ್ತು. ಆಡಿಟರ್ ಹುಡುಗ, ಆರ್ಟಿಕಲ್‌ಶಿಪ್ ಮಾಡುತ್ತಿದ್ದವನು, ಮಾರ್ಚ್ ಪುಟವನ್ನು ನೋಡಲೇ ಇಲ್ಲ. ನೇರ ಏಪ್ರಿಲ್ ಪುಟ ತೆಗೆದ. "ಸಾರ್, ಬಂದ ದುಡ್ಡು ಹೋಗಿರೋದು ಎಲ್ಲಿಗೆ?" ಅಂತ ಕೇಳಿದ. ಹೋದದ್ದು ಸಾಲಗಾರನ ಅಣ್ಣನ ಸಂಸ್ಥೆಗೆ, ಬಂದದ್ದೂ ಅಲ್ಲಿಂದಲೇ. ಆ ಖಾತೆ ಅವತ್ತೇ ಎನ್‌ಪಿಎ ಪಟ್ಟಿ ಸೇರಿತು. ವರ್ಷದ ಕೊನೆಯಲ್ಲಿ ಒಂಟಿಯಾಗಿ ಕಾಣಿಸುವ ಜಮಾವನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಎಚ್ಚರಿಸುತ್ತದೆ.

ಹೊರಗಿನಿಂದ ನೋಡುವ ನಮಗೆ ಖಾತೆಯ ಪುಟ ಸಿಗುವುದಿಲ್ಲ. ಆದರೆ ಬ್ಯಾಂಕಿನ ತ್ರೈಮಾಸಿಕ ಫಲಿತಾಂಶದಲ್ಲಿ ಮೂರು ಅಂಕಿ ಸಾಕು. ಮೊದಲನೆಯದು ಸ್ಲಿಪೇಜ್, ಅಂದರೆ ಆ ಮೂರು ತಿಂಗಳಲ್ಲಿ ಹೊಸದಾಗಿ ಎನ್‌ಪಿಎ ಆದದ್ದು. ಒಟ್ಟು ಎನ್‌ಪಿಎ ಇಳಿದು ಸ್ಲಿಪೇಜ್ ಏರಿದ್ದರೆ, ಹಳೇದನ್ನು ಗುಡಿಸಿ ಹಾಕಿದ್ದಾರೆ, ಹೊಸದು ಸುರಿಯುತ್ತಿದೆ ಎಂದರ್ಥ. ಎರಡನೆಯದು ಗ್ರಾಸ್ ಮತ್ತು ನೆಟ್ ಎನ್‌ಪಿಎ ನಡುವಿನ ಅಂತರ. ನಮ್ಮ ವರ್ಕ್‌ಶಾಪ್‌ಗೆ 2023ರ ಮಾರ್ಚ್‌ನಲ್ಲಿ ಗ್ರಾಸ್ 50 ಲಕ್ಷ, ಪ್ರಾವಿಷನ್ 27.5, ಹಾಗಾಗಿ ನೆಟ್ 22.5 ಲಕ್ಷ. 50ಕ್ಕೆ 27.5 ಅಂದರೆ 55%, ಇದೇ ಪಿಸಿಆರ್, ಎನ್‌ಪಿಎಯ ಎಷ್ಟು ಪಾಲಿಗೆ ಪ್ರಾವಿಷನ್ ಇದೆ ಅನ್ನುವ ಅಳತೆ. ಈ ನೆಟ್ 22.5 ಲಕ್ಷ ಮುಂದೆ ಲಾಭಕ್ಕೆ ಬೀಳಬಹುದಾದ ಏಟು, ಇನ್ನೂ ಬಿದ್ದಿಲ್ಲ. ಪಿಸಿಆರ್ ಕಡಿಮೆ ಇಟ್ಟುಕೊಂಡು ಒಳ್ಳೇ ಲಾಭ ತೋರಿಸುವ ಬ್ಯಾಂಕ್, ಮುಂದಿನ ವರ್ಷಗಳ ಲಾಭವನ್ನು ಇವತ್ತೇ ತಿನ್ನುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ಮೂರನೆಯದು ರೈಟ್ ಆಫ್.

## ಹಂತ 7: ರೈಟ್ ಆಫ್ ಮತ್ತು ವಾಪಸ್ ಬರುವ ದುಡ್ಡು

ರೈಟ್ ಆಫ್ ಅಂದರೆ ಸಾಲ ಮನ್ನಾ ಅಂತ ಟಿವಿಯಲ್ಲೂ ವಾಟ್ಸಾಪ್‌ನಲ್ಲೂ ಗಲಾಟೆ ಆಗುತ್ತಿರುತ್ತದೆ. ಅಲ್ಲ. 2026ರ ಮಾರ್ಚ್‌ನಲ್ಲಿ ನಮ್ಮ ಸಾಲಕ್ಕೆ 50 ಲಕ್ಷ ಪ್ರಾವಿಷನ್ ತುಂಬಿದೆ. ಈಗ ಬ್ಯಾಂಕ್ ಒಂದು ಕಡೆ 50 ಲಕ್ಷದ ಸಾಲವನ್ನು, ಇನ್ನೊಂದು ಕಡೆ 50 ಲಕ್ಷದ ಪ್ರಾವಿಷನ್ ಅನ್ನು, ಎರಡನ್ನೂ ಪುಸ್ತಕದಿಂದ ತೆಗೆಯುತ್ತದೆ. ಆ ದಿನ ಲಾಭಕ್ಕೆ ಒಂದು ರೂಪಾಯಿಯೂ ಪೆಟ್ಟಿಲ್ಲ, ಏಟು ಹಿಂದಿನ ವರ್ಷಗಳಲ್ಲೇ ಬಿದ್ದು ಮುಗಿದಿದೆ. ಗ್ರಾಸ್ ಎನ್‌ಪಿಎ ಮಾತ್ರ 50 ಲಕ್ಷ ಇಳಿಯುತ್ತದೆ. ಸಾಲಗಾರನ ಋಣ ಹಾಗೇ ಇದೆ. ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸು, ಆಸ್ತಿ ವಶ, ಹರಾಜು ಎಲ್ಲವೂ ನಡೆಯುತ್ತದೆ.

ಲೆಕ್ಕ ಇನ್ನು ಮುಂದೆ ಬದಲಾಗುವ ಸೂಚನೆಯೂ ಇದೆ. ಸಾಲ ಕೆಟ್ಟ ಮೇಲೆ ಪ್ರಾವಿಷನ್ ಹಾಕುವ ಬದಲು, ಕೆಡಬಹುದು ಎಂಬ ಅಂದಾಜಿನ ಮೇಲೆ ಮೊದಲೇ ಹಾಕುವ ಇಸಿಎಲ್ ಪದ್ಧತಿಯ ಕರಡನ್ನು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಅದರಲ್ಲಿ ಜಾರಿಗೆ ಇಟ್ಟ ದಿನ 2027ರ ಏಪ್ರಿಲ್ 1. 90 ದಿನದ ಗೆರೆ ಅದರಲ್ಲೂ ಹಾಗೇ ಇದೆ. ಬದಲಾಗುವುದು ಏಟು ಬೀಳುವ ಹೊತ್ತು: ಕಂತು 30 ದಿನ ದಾಟಿದಾಗಲೇ ಪ್ರಾವಿಷನ್ ಏರತೊಡಗುತ್ತದೆ.

ನಮ್ಮ ವರ್ಕ್‌ಶಾಪ್‌ಗೆ ವಾಪಸ್ ಬರೋಣ. ರೈಟ್ ಆಫ್ ಆದ ಕೆಲವು ತಿಂಗಳಿಗೆ ಶೆಡ್ ಹರಾಜಿನಲ್ಲಿ 22 ಲಕ್ಷಕ್ಕೆ ಹೋಯಿತು ಅನ್ನಿ. ಪುಸ್ತಕದಲ್ಲಿ ಆ ಸಾಲವೇ ಇಲ್ಲವಲ್ಲ, ಹಾಗಾಗಿ ಬಂದ ಅಷ್ಟೂ ದುಡ್ಡು ಇತರೆ ಆದಾಯ, ನೇರ ಲಾಭಕ್ಕೆ. ಸಾಲ ಕೊಟ್ಟ ಮ್ಯಾನೇಜರ್ ವರ್ಗವಾಗಿ ಹೋಗಿ ವರ್ಷಗಳಾಗಿವೆ, ಪ್ರಾವಿಷನ್ ಹೊತ್ತು ಬೈಸಿಕೊಂಡವರು ನಡುವೆ ಬಂದ ಇಬ್ಬರು. 22 ಲಕ್ಷದ ವಸೂಲಿಗೆ ಝೋನಲ್ ಆಫೀಸಿನಿಂದ ಮೆಚ್ಚುಗೆ ಪತ್ರ ಬರುವುದು ಮೊನ್ನೆ ಮೊನ್ನೆ ಬಂದು ಸೇರಿಕೊಂಡ ನಾಲ್ಕನೆಯವರಿಗೆ.